ಗಡುವು ಮೀರಿದ ರೀಫಂಡ್: ಮೇಲಿನವರು ಯಾವ ಮಾತಿಗೆ ಒಪ್ಪುತ್ತಾರೆ?

ಆನ್‌ಲೈನ್ ಕೋರ್ಸ್ ನಡೆಸುವ ಸಂಸ್ಥೆಯೊಂದರಲ್ಲಿ ರೀಫಂಡ್ ದೂರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಹಂತದಲ್ಲಿ "ಕ್ಷಮಿಸಿ, ಗಡುವು ಮುಗಿದಿದೆ" ಎಂಬ ಉತ್ತರ ಸಿಕ್ಕಿ, ಅಷ್ಟಕ್ಕೇ ಸುಮ್ಮನಾಗದೆ ಮತ್ತೆ ಬರೆಯುವವರ ಪತ್ರಗಳು ನನ್ನ ಬಳಿಗೆ ಬರುತ್ತವೆ. ಅವುಗಳಲ್ಲಿ ಕೆಲವಕ್ಕೆ ಹಣ ವಾಪಸಾಗುತ್ತದೆ, ಬಹಳಷ್ಟಕ್ಕೆ ಆಗುವುದಿಲ್ಲ. ಜೋರು ಮಾಡಿದವರಿಗೆ ಸಿಗುತ್ತದೆ ಅಂತ ಹೊರಗಿನವರು ಅಂದುಕೊಂಡಿರುತ್ತಾರೆ. ಒಳಗೆ ನಡೆಯುವುದೇ ಬೇರೆ.

ಮೊದಲು ಉತ್ತರಿಸುವ ಸಿಬ್ಬಂದಿಯ ಪರದೆಯಲ್ಲಿ ಏನಿರುತ್ತದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಹಣ ಕಟ್ಟಿದ ದಿನಾಂಕ, ರೀಫಂಡ್ ಗಡುವು, ನೀವು ಎಷ್ಟು ಪಾಠ ತೆರೆದಿದ್ದೀರಿ ಎಂಬ ಲೆಕ್ಕ, ಇಷ್ಟೇ. ಗಡುವು ದಾಟಿದ್ದರೆ ರೀಫಂಡ್ ಬಟನ್ ಒತ್ತಲು ಬರುವುದಿಲ್ಲ. ಅವರು ನಿಮ್ಮ ಮೇಲಿನ ಸಿಟ್ಟಿಗೆ ಇಲ್ಲ ಅನ್ನುತ್ತಿಲ್ಲ, ಹೌದು ಅನ್ನುವ ಅಧಿಕಾರವೇ ಅವರಿಗಿಲ್ಲ. ಅದು ಇರುವುದು ಅವರ ಮೇಲಿನವರಿಗೆ. ಆ ಮೇಲಿನವರೂ ಸುಮ್ಮನೆ ಬಟನ್ ಒತ್ತುವಂತಿಲ್ಲ, ವಿನಾಯಿತಿ ಯಾಕೆ ಕೊಟ್ಟೆ ಎಂದು ಒಂದೆರಡು ಸಾಲು ಬರೆದಿಡಬೇಕು. ತಿಂಗಳ ಕೊನೆಗೆ ಲೆಕ್ಕಪತ್ರದವರು ಆ ಸಾಲುಗಳನ್ನೇ ಓದುತ್ತಾರೆ.

ಹಾಗಾಗಿ ಪತ್ರ ಓದುವಾಗ ನಮ್ಮ ತಲೆಯಲ್ಲಿ ಮೊದಲು ಏಳುವ ಪ್ರಶ್ನೆ "ಈ ಮನುಷ್ಯನಿಗೆ ಕಷ್ಟವಿದೆಯೇ" ಎಂಬುದಲ್ಲ. "ಇವರಿಗೆ ಕೊಟ್ಟರೆ ಇನ್ನು ಎಷ್ಟು ಜನರಿಗೆ ಕೊಡಬೇಕಾಗುತ್ತದೆ?" ಎಂಬುದು. ಕೆಲಸದ ಒತ್ತಡದಲ್ಲಿ ಕೋರ್ಸ್ ನೋಡಲು ಆಗಲಿಲ್ಲ ಅನ್ನುವುದು ಪೂರ್ತಿ ನಿಜವಿರಬಹುದು. ಆದರೆ ಗಡುವು ತಪ್ಪಿಸಿಕೊಂಡ ಎಲ್ಲರೂ ಅದನ್ನೇ ಹೇಳಬಲ್ಲರು. ಆ ಕಾರಣಕ್ಕೆ ಒಪ್ಪಿದರೆ ಗಡುವು ಎಂಬುದೇ ಉಳಿಯುವುದಿಲ್ಲ. ನಿಮಗಷ್ಟೇ, ಅಥವಾ ನಿಮ್ಮಂಥ ಕೆಲವರಿಗಷ್ಟೇ ಹೊಂದುವ ಕಾರಣವಿದ್ದರೆ ನಮಗೆ ಸುಲಭ. ಅಂಥ ಕಾರಣ ನಿಮ್ಮ ಕಡೆಯದಲ್ಲದೆ ಸಂಸ್ಥೆಯ ಕಡೆಯದಾಗಿದ್ದರಂತೂ ಇನ್ನೂ ಸುಲಭ.

ಒಬ್ಬ ಮಹಿಳಾ ಕಲಿಕಾರ್ಥಿಯ ಉದಾಹರಣೆ ಕೊಡುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಅವರು ನೇರಪ್ರಸಾರದ ಕೋರ್ಸ್ ಒಂದಕ್ಕೆ ಮಾರ್ಚ್ 3ರಂದು ಹಣ ಕಟ್ಟಿದರು. ಒಟ್ಟು 24 ತರಗತಿ, ಎಲ್ಲವೂ ಸಂಜೆ. ರೀಫಂಡ್ ಗಡುವು ಹಣ ಕಟ್ಟಿದಂದಿನಿಂದ 14 ದಿನ, ಅಂದರೆ ಮಾರ್ಚ್ 17ರವರೆಗೆ. ಮೊದಲ ತರಗತಿ ಮಾರ್ಚ್ 10ಕ್ಕೆ ಎಂದು ಹೇಳಲಾಗಿತ್ತು. 8ರಂದು ಸಂಸ್ಥೆಯಿಂದ ಮೇಲ್ ಹೋಯಿತು: ತರಗತಿ 20ಕ್ಕೆ ಮುಂದೂಡಲಾಗಿದೆ. ಲಾಗಿನ್ ವಿವರ ಅವರ ಕೈಗೆ ಬಂದಿದ್ದು 19ರಂದು. ಬಂದ ಮೇಲೆ ನೋಡಿದರೆ ವೇಳೆ ಸಂಜೆಯಿಂದ ಬೆಳಿಗ್ಗೆಗೆ ಬದಲಾಗಿತ್ತು. ಅವರು ಕೆಲಸಕ್ಕೆ ಹೋಗುವವರು. ಎರಡು ತರಗತಿಗೆ ಹೇಗೋ ಹೊಂದಿಸಿಕೊಂಡು ಕೂತರು, ಆಗಲಿಲ್ಲ. 23ರಂದು ರೀಫಂಡ್ ಕೇಳಿದರು. ಮರುದಿನ ಸಿದ್ಧ ಉತ್ತರ ಹೋಯಿತು: 14 ದಿನ ಮುಗಿದಿದೆ.

ಅವರ ಮುಂದಿನ ಪತ್ರ ಬೆಂಕಿಯಂತಿತ್ತು. ಮೋಸ, ದಗಾ, ಎಲ್ಲ ಕಡೆ ಬರೆದು ಮಾನ ಕಳೆಯುತ್ತೇನೆ, ಹೀಗೆ ದೊಡ್ಡ ದೊಡ್ಡ ಪ್ಯಾರಾಗಳು. ವೇಳೆ ಬದಲಾದ ವಿಷಯ ಮೂರನೆಯ ಪ್ಯಾರಾದ ನಡುವೆ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ತರಗತಿ ಮುಂದೂಡಿದ ವಿಷಯವಂತೂ ಇರಲೇ ಇಲ್ಲ. ಅದೇ ಪತ್ರವನ್ನು ಹೊಸ ಹೊಸ ದೂರುಗಳಾಗಿಯೂ ಕಳಿಸಿದರು. ಹೊಸ ದೂರು ಹಾಕಿದರೆ ಬೇಗ ಆಗುತ್ತದೆ ಅನ್ನಿಸುವುದು ಸಹಜ. ಆದರೆ ಪ್ರತಿಯೊಂದೂ ಬೇರೆ ಬೇರೆ ಸಿಬ್ಬಂದಿಗೆ ಹೋಗುತ್ತದೆ, ಪ್ರತಿಯೊಬ್ಬರೂ ಗಡುವಿನ ದಿನಾಂಕ ನೋಡಿ ಅದೇ ಸಿದ್ಧ ಉತ್ತರ ಕಳಿಸುತ್ತಾರೆ. ಈಗ ನಿಮ್ಮ ಖಾತೆಯಲ್ಲಿ ಒಂದು ನಿರಾಕರಣೆಯ ಬದಲು ನಾಲ್ಕಾರು ನಿರಾಕರಣೆ ಸಾಲಾಗಿ ಕೂತಿರುತ್ತವೆ. ಹಳೆಯ ದೂರಿಗೇ ಉತ್ತರವಾಗಿ ಬರೆದರೆ ಹಿಂದಿನದೆಲ್ಲ ಒಂದೇ ಕಡೆ ಇರುತ್ತದೆ.

ಇಂಥ ಪತ್ರಗಳಲ್ಲಿ ಕೆಲವರು ವಕೀಲರಿಗೆ ಹೇಳುತ್ತೇನೆ ಅಂತಲೂ ಬರೆಯುತ್ತಾರೆ, ಆ ಮಾತಿನ ಬಗ್ಗೆ ಒಂದು ಒಳಗುಟ್ಟು. ಪತ್ರದಲ್ಲಿ ಕಾನೂನು ಕ್ರಮದ ಮಾತು ಬಂದರೆ ಮೊದಲ ಹಂತದವರು ಅದನ್ನು ಕಾನೂನು ವಿಭಾಗಕ್ಕೆ ದಾಟಿಸಬೇಕೆಂಬ ನಿಯಮ ನಮ್ಮಲ್ಲಿದೆ. ಅಲ್ಲಿಗೆ ಹೋದ ಮೇಲೆ ವಿನಾಯಿತಿ ಕೊಡಬಲ್ಲ ಮೇಲ್ವಿಚಾರಕರೂ ಬಾಯಿ ಬಿಡುವಂತಿಲ್ಲ. ನಿಜವಾಗಿ ಕಾನೂನಿನ ದಾರಿ ಹಿಡಿಯುವವರು ಹಿಡಿಯಲಿ, ಅದು ಅವರ ಹಕ್ಕು. ಬರೀ ಹೆದರಿಸಲು ಬರೆದರೆ, ಸಹಾಯ ಮಾಡಬಲ್ಲವರ ಕೈಯಿಂದಲೇ ಕಡತ ಜಾರಿಹೋಗುತ್ತದೆ.

ಕೆಲವು ದಿನ ಬಿಟ್ಟು ಆಕೆ ಮತ್ತೆ ಬರೆದರು. ಹತ್ತಿರದವರು ಯಾರೋ ಕೂರಿಸಿ ಬರೆಸಿರಬೇಕು. ಅದರ ಸಾರ ಹೀಗಿತ್ತು:

"ನಮಸ್ಕಾರ. ನನ್ನ ಕೋರಿಕೆ 14 ದಿನದ ನಂತರ ಬಂದಿದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಈ 14 ದಿನ ಮಾರ್ಚ್ 17ಕ್ಕೆ ಮುಗಿದಿದೆ, ನನಗೆ ಲಾಗಿನ್ ಸಿಕ್ಕಿದ್ದು ಮಾರ್ಚ್ 19ಕ್ಕೆ. ತರಗತಿ ಮುಂದೂಡಿದ ಮಾರ್ಚ್ 8ರ ನಿಮ್ಮ ಮೇಲ್ ಮತ್ತು 19ರ ಲಾಗಿನ್ ಮೇಲ್ ಜೊತೆಗಿಟ್ಟಿದ್ದೇನೆ. ಕೋರ್ಸ್ ಹೇಗಿದೆ ಎಂದು ನೋಡಿ ತೀರ್ಮಾನಿಸುವ ಅವಕಾಶ ಗಡುವಿನೊಳಗೆ ನನಗೆ ಒಂದು ದಿನವೂ ಸಿಗಲಿಲ್ಲ. ಹಣ ಕಟ್ಟುವಾಗ ಸಂಜೆಯ ತರಗತಿ ಎಂದಿತ್ತು, ಆ ಪುಟದ ಚಿತ್ರವೂ ಇದೆ. ಲಾಗಿನ್ ಸಿಕ್ಕ ನಾಲ್ಕು ದಿನದಲ್ಲಿ ರೀಫಂಡ್ ಕೇಳಿದ್ದೇನೆ. ನಾನು ಹಾಜರಾದ ಎರಡು ತರಗತಿಯ ಹಣ ಹಿಡಿದುಕೊಂಡು ಉಳಿದ 22 ತರಗತಿಯ ಶುಲ್ಕ ಮರಳಿಸಬೇಕೆಂದು ಕೋರುತ್ತೇನೆ. ಇದು ನಿಮ್ಮ ಅಧಿಕಾರ ಮೀರಿದ್ದಾದರೆ, ವಿನಾಯಿತಿ ತೀರ್ಮಾನಿಸುವವರಿಗೆ ದಯವಿಟ್ಟು ಇದನ್ನು ಕಳಿಸಿ. ಏಳು ಕೆಲಸದ ದಿನಗಳೊಳಗೆ ಉತ್ತರ ನಿರೀಕ್ಷಿಸಬಹುದೇ?"

ಈ ಪತ್ರ ಯಾಕೆ ನಡೆಯಿತು ಅನ್ನುವುದು ನನಗೆ ಗೊತ್ತು, ಯಾಕೆಂದರೆ ಮೇಲಿನವರಿಗೆ ಅದನ್ನು ಕಳಿಸಿದ್ದು ನಾನೇ. ನಾನು ಬರೆಯಬೇಕಿದ್ದ ಕಾರಣದ ಸಾಲನ್ನು ಅವರೇ ಬರೆದುಕೊಟ್ಟಿದ್ದರು: ಲಾಗಿನ್ ಸಿಗುವ ಮೊದಲೇ ಗಡುವು ಮುಗಿದಿದೆ. ಅದನ್ನು ಹಾಗೇ ಎತ್ತಿ ಹಾಕಿದೆ. ಗಡುವು ತಪ್ಪು ಅಂತ ಅವರು ವಾದಿಸಲಿಲ್ಲ. ಗಡುವು ಇರುವುದು ಯಾಕೋ ಆ ಉದ್ದೇಶವೇ ತಮ್ಮ ವಿಷಯದಲ್ಲಿ ಈಡೇರಲಿಲ್ಲ ಅಂದರು. ಈ ಎರಡಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದಕ್ಕೆ ಒಪ್ಪಿದರೆ ನಿಯಮವನ್ನೇ ಬಿಟ್ಟುಕೊಟ್ಟಂತೆ. ಎರಡನೆಯದಕ್ಕೆ ಒಪ್ಪಿದರೆ ನಿಯಮ ನಿಂತೇ ಇರುತ್ತದೆ, ತಡವಾಗಿ ಶುರುವಾದ ಆ ಒಂದು ಬ್ಯಾಚಿನವರಿಗಷ್ಟೇ ದಿನಗಣನೆ ಬೇರೆಯಾಗುತ್ತದೆ. ಮೇಲ್ವಿಚಾರಕರಿಗೆ ಬೇಕಿದ್ದ ಇಕ್ಕಟ್ಟಾದ ಬಾಗಿಲು ಅದೇ.

"ಕಳಿಸಿ" ಎಂದು ಕೇಳಿದ್ದೂ ಕೆಲಸಕ್ಕೆ ಬಂತು. "ನಿಮ್ಮ ಮ್ಯಾನೇಜರ್ ಎಲ್ಲಿ" ಅನ್ನುವ ಪತ್ರವನ್ನು ಸಿಬ್ಬಂದಿ ಬೈಗುಳವೆಂದೇ ಓದುತ್ತಾರೆ. ಇದು ನಿಮ್ಮ ಕೈಯಲ್ಲಿಲ್ಲದಿದ್ದರೆ ಮೇಲಕ್ಕೆ ಕಳಿಸಿ ಅಂದರೆ, ನಿರಾಕರಿಸಿದವರಿಗೂ ಮುಖ ಉಳಿಯುತ್ತದೆ. ಇನ್ನೊಂದು ವಿಷಯ, ಕಡತ ಮೇಲೆ ಹೋಗುವಾಗ ನೀವು ಬರೆದದ್ದೆಲ್ಲ ಮೊದಲಿನಿಂದ ಹಾಗೇ ಹೋಗುತ್ತದೆ. ಆ ಹಿಂದಿನ ಬೆಂಕಿ ಪತ್ರವನ್ನೂ ಮೇಲ್ವಿಚಾರಕರು ಓದಿದರು, ಅದರಿಂದ ಉಪಕಾರವೇನೂ ಆಗಲಿಲ್ಲ.

ಮೇಲ್ವಿಚಾರಕರು ಮೊದಲು ಮುಂದಿನ ಬ್ಯಾಚಿಗೆ ಸೇರಿಸುತ್ತೇವೆ ಅಂದರು. ಆಕೆ ಅದರಲ್ಲಿ ಸಂಜೆ ತರಗತಿ ಇದೆಯೇ ಎಂದು ಕೇಳಿದರು. ಇರಲಿಲ್ಲ. ಆಮೇಲೆ ಹಣ ವಾಪಸಾಯಿತು, ಅದೂ ಪೂರ್ತಿ. ಎರಡು ತರಗತಿಯ ಹಣ ಕಳೆದು ಕೊಡಬೇಕಾದರೆ ಲೆಕ್ಕಪತ್ರದವರ ಇನ್ನೊಂದು ಒಪ್ಪಿಗೆ ಬೇಕಿತ್ತು, ಆ ತಾಪತ್ರಯ ಯಾರಿಗೂ ಬೇಡವಾಗಿತ್ತು. ಇದನ್ನು ನಂಬಿಕೊಂಡು ಕೂರಬೇಡಿ. ಆದರೆ ತಾನು ಬಳಸಿದ್ದಕ್ಕೆ ಹಣ ಕೊಡುತ್ತೇನೆ ಅನ್ನುವವರ ಪತ್ರವನ್ನು ಓದುವ ಮನಸ್ಸೇ ಬೇರೆ ಇರುತ್ತದೆ, ಅದಂತೂ ನಿಜ.

ಇಂಥದೇ ತೂಕದ ಬೇರೆ ಕಾರಣಗಳೂ ಇವೆ. ಹೇಳಿದ್ದ ಪಾಠಗಳು ಇನ್ನೂ ಅಪ್‌ಲೋಡ್ ಆಗಿಲ್ಲದಿರುವುದು, ಬೋಧಿಸುವವರೇ ಬದಲಾಗಿರುವುದು, ಗಡುವಿನೊಳಗೇ ನೀವು ಸಹಾಯವಾಣಿಗೆ ಬರೆದಿದ್ದು ಉತ್ತರ ತಡವಾಗಿ ಬಂದಿರುವುದು. ಕೊನೆಯದನ್ನು ಜನ ಮರೆತೇಬಿಡುತ್ತಾರೆ. ಹನ್ನೆರಡನೆಯ ದಿನ "ವಿಡಿಯೊ ತೆರೆಯುತ್ತಿಲ್ಲ" ಅಂತ ಬರೆದ ಒಂದು ಸಾಲು ಇದ್ದರೆ, ಇಪ್ಪತ್ತನೆಯ ದಿನದ ರೀಫಂಡ್ ಕೋರಿಕೆಯ ಬಣ್ಣವೇ ಬದಲಾಗುತ್ತದೆ. ಇವೆಲ್ಲಕ್ಕೂ ಹಣ ಕಟ್ಟಿದ ದಿನ ಪುಟದಲ್ಲಿ ಏನಿತ್ತು ಎಂಬುದು ಬೇಕು. ಕೋರ್ಸ್ ಪುಟವೂ ನಿಯಮಗಳೂ ಬದಲಾಗುತ್ತಲೇ ಇರುತ್ತವೆ, ಹಣ ಕಟ್ಟುವ ಮುನ್ನವೇ ಅವುಗಳ ಚಿತ್ರ ತೆಗೆದಿಟ್ಟುಕೊಂಡಿರಬೇಕು.

ಏನೂ ದೋಷವಿಲ್ಲದ, ರೆಕಾರ್ಡ್ ಮಾಡಿದ ಕೋರ್ಸ್ ಮೊದಲ ದಿನದಿಂದ ತೆರೆದೇ ಇತ್ತು, ನಿಮಗೆ ಬಿಡುವಾಗಲಿಲ್ಲ ಅಷ್ಟೇ ಅನ್ನುವುದಾದರೆ? ಅಲ್ಲಿ ಹಕ್ಕಿನ ಮಾತು ಬಾರದು, ಸೌಜನ್ಯದ ಮಾತಷ್ಟೇ. ಆಗ ಕಡಿಮೆ ಕೇಳಿ: ಬೇರೆ ಕೋರ್ಸಿಗೆ ಬದಲಾವಣೆ, ಅವಧಿ ವಿಸ್ತರಣೆ, ಮುಂದೆ ಬಳಸಬಹುದಾದ ಕ್ರೆಡಿಟ್. ಹಣ ಹೊರಹೋಗದ ಇಂಥವನ್ನು ಒಪ್ಪಲು ಎಷ್ಟೋ ಕಡೆ ಮೊದಲ ಹಂತದವರಿಗೇ ಅಧಿಕಾರವಿರುತ್ತದೆ. ಮತ್ತೆ, ತೆರೆದೇ ಇಲ್ಲ ಅಂತ ಮಾತ್ರ ಬರೆಯಬೇಡಿ, ತೆರೆದಿದ್ದರೆ. ಯಾವ ಪಾಠ ಎಷ್ಟು ನಿಮಿಷ ಓಡಿದೆ, ಯಾವ ಕಡತ ಇಳಿಸಿಕೊಂಡಿದ್ದೀರಿ ಎಲ್ಲ ನಮಗೆ ಕಾಣುತ್ತದೆ. ಮುಕ್ಕಾಲು ಭಾಗ ನೋಡಿ ಮುಗಿಸಿದವರು "ಒಂದು ಸಲವೂ ತೆರೆದಿಲ್ಲ" ಅಂದಾಗ ಉಳಿದ ಮಾತೆಲ್ಲ ನೀರಿನಲ್ಲಿ ಹೋಮ.

ಹಣ ತೆಗೆದುಕೊಂಡವರು ಯಾರು ಎಂಬುದನ್ನೂ ರಸೀದಿಯಲ್ಲಿ ನೋಡಿಕೊಳ್ಳಿ. ಮೊಬೈಲ್ ಆ್ಯಪ್ ಸ್ಟೋರ್ ಮೂಲಕ ಕಟ್ಟಿದ್ದರೆ ಕೋರ್ಸಿನವರು ಎಷ್ಟೇ ಒಪ್ಪಿದರೂ ಎಷ್ಟೋ ಸಲ ಅವರ ಕೈಯಿಂದ ಹಣ ಮರಳಿಸಲು ಬರುವುದಿಲ್ಲ, ಕೋರಿಕೆ ಆ ಸ್ಟೋರಿಗೇ ಹೋಗಬೇಕಾಗಬಹುದು.

ಕಾರ್ಡಿನಲ್ಲಿ ಕಟ್ಟಿದ್ದರೆ ಬ್ಯಾಂಕಿನ ಮೂಲಕ ಚಾರ್ಜ್‌ಬ್ಯಾಕ್ ಕೇಳುವ, ಅಂದರೆ ಪಾವತಿಗೆ ತಕರಾರು ಹಾಕಿ ಹಣ ಹಿಂದಕ್ಕೆ ತರಿಸಿಕೊಳ್ಳುವ ದಾರಿಯೂ ಇದೆ. ಅದು ಶುರುವಾದ ಕ್ಷಣಕ್ಕೆ ನಮ್ಮ ಕಡೆ ಮಾತುಕತೆ ನಿಲ್ಲುತ್ತದೆ, ಲಾಗಿನ್ ಮುಚ್ಚುತ್ತದೆ, ಹಾಜರಿಯ ಲೆಕ್ಕವೆಲ್ಲ ಪುರಾವೆಯಾಗಿ ಬ್ಯಾಂಕಿಗೆ ಹೋಗುತ್ತದೆ. ಹೇಳಿದ ಸೇವೆ ಸಿಗಲಿಲ್ಲ ಅನ್ನುವುದಕ್ಕೆ ಅಲ್ಲಿ ಬೆಲೆಯಿದೆ, ಮನಸ್ಸು ಬದಲಾಯಿತು ಅನ್ನುವುದಕ್ಕಿಲ್ಲ. ಆದ್ದರಿಂದ ಅದನ್ನು ಕೊನೆಗಿಟ್ಟುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಅದಕ್ಕೂ ಗಡುವಿದೆ: ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಬಹಳಷ್ಟು ಬಗೆಯ ತಕರಾರಿಗೆ 120 ದಿನ, ನಿಮ್ಮ ಬ್ಯಾಂಕು ಅದಕ್ಕಿಂತ ಕಡಿಮೆ ಇಟ್ಟಿರಲೂಬಹುದು. "ಪರಿಶೀಲಿಸುತ್ತಿದ್ದೇವೆ" ಎಂಬ ಉತ್ತರಗಳಲ್ಲೇ ಆ ದಿನಗಳು ಕಳೆದುಹೋಗುವುದುಂಟು. ಆಕೆಯ ಪತ್ರದಲ್ಲಿ ಏಳು ಕೆಲಸದ ದಿನ ಎಂದು ಕೇಳಿದ್ದರಲ್ಲ, ಅದು ಈ ಕಾರಣಕ್ಕೂ ಒಳ್ಳೆಯದೇ. ಅಷ್ಟರಲ್ಲಿ ಉತ್ತರ ಬರದಿದ್ದರೆ ಅದೇ ದೂರಿನಲ್ಲಿ ಒಂದು ಸಲ ನೆನಪಿಸಿ, ಆಗಲೂ ಸುಮ್ಮನಿದ್ದರೆ ಆ ಪತ್ರವನ್ನೇ ಬ್ಯಾಂಕಿಗೆ ಲಗತ್ತಿಸಬಹುದು. ದಿನಾಂಕಗಳೂ ಪುರಾವೆಯೂ ಅದರಲ್ಲಿ ಆಗಲೇ ಜೋಡಿಸಿರುತ್ತವೆ.