ಹಳೇ ದರ ಹೊತ್ತು ತಂದ ಮೆಸೇಜ್

ದಾವಣಗೆರೆಯ ಒಂದು ಮಂಡಿಗೆ ನಾವು ಮಾಡಿಕೊಟ್ಟ ಆ್ಯಪ್‌ನಿಂದ ದಿನಾ ಮೆಕ್ಕೆಜೋಳದ ದರ ರೈತರ ಫೋನಿಗೆ ಹೋಗುತ್ತದೆ. ಕಳೆದ ಸೀಸನ್‌ನಲ್ಲಿ ಜಗಳೂರು ಕಡೆಯ ರೈತರೊಬ್ಬರು ಟ್ರ್ಯಾಕ್ಟರ್ ತುಂಬಿಕೊಂಡು ಬಂದರು. ಅವತ್ತಿನ ದರ ಅವರ ಫೋನಿಗೆ ಬಂದದ್ದಕ್ಕಿಂತ ಕ್ವಿಂಟಾಲಿಗೆ ಇನ್ನೂರು ರೂಪಾಯಿ ಕಡಿಮೆ ಇತ್ತು. "ನೋಡ್ರಿ ಸರ, ಬೆಳಿಗ್ಗೆ ನೀವೇ ಕಳಿಸೀರಿ" ಅಂತ ಫೋನ್ ತೋರಿಸಿದರು. "ಇವತ್ತಿನ ದರ" ಅಂತಲೇ ಇತ್ತು. ಬಂದ ಹೊತ್ತೂ ಅವತ್ತಿನ ಬೆಳಿಗ್ಗೆಯದೇ. ದಲ್ಲಾಳಿ ನನ್ನ ಮುಖ ನೋಡಿದರು. ಹಿಂದೆ ಗಾಡಿಗಳು ಸಾಲಾಗಿ ನಿಂತಿದ್ದವು.

ಆಫೀಸಿಗೆ ಫೋನ್ ಮಾಡಿದರೆ ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಲಾಗ್‌ನಲ್ಲಿ ಎಲ್ಲಾ ಸಕ್ಸಸ್ ಇದೆ." ಆ ಸಕ್ಸಸ್‌ಗೆ ಅರ್ಥ, ಆ್ಯಪ್‌ನ ಮೆಸೇಜ್‌ಗಳನ್ನು ಫೋನಿಗೆ ದಾಟಿಸುವ ಗೂಗಲ್‌ನ ಫೈರ್‌ಬೇಸ್ ಸರ್ವರ್ ಮೆಸೇಜ್ ತಗೊಂಡಿದೆ ಅಂತ ಅಷ್ಟೇ. ಫೋನಿಗೆ ಮುಟ್ಟಿದೆ ಅಂತಲ್ಲ.

ರೈತರನ್ನು ವಿಚಾರಿಸಿದಾಗ ವಿಷಯ ಗೊತ್ತಾಯಿತು. ಫೋನ್ ವಾರದ ಮೇಲೆ ರಿಪೇರಿ ಅಂಗಡಿಯಲ್ಲಿತ್ತು. ಅವತ್ತು ಬೆಳಿಗ್ಗೆ ಆನ್ ಆದ ಕೂಡಲೇ ಸರ್ವರ್‌ನಲ್ಲಿ ಕಾಯುತ್ತಿದ್ದ ದರಗಳೆಲ್ಲ ಒಟ್ಟಿಗೆ ಬಂದು ಬಿದ್ದಿವೆ. ಕಳಿಸಿದ ಕ್ರಮದಲ್ಲೇ ಬರುತ್ತವೆ ಅನ್ನೋ ಖಾತ್ರಿ ಇಲ್ಲ, ಹಾಗಾಗಿ ಹಳೆಯದೊಂದು ಮೇಲೆ ಕೂತಿತ್ತು.

ನಾವು ಕಳಿಸುವಾಗ `ttl`, ಅಂದರೆ ಮೆಸೇಜ್ ಎಷ್ಟು ಹೊತ್ತು ಕಾಯಬಹುದು ಅನ್ನೋ ಗಡುವು, ಕೊಟ್ಟಿರಲಿಲ್ಲ. ಕೊಡದಿದ್ದರೆ ಫೈರ್‌ಬೇಸ್ ಮುಟ್ಟದ ಮೆಸೇಜನ್ನು 4 ವಾರ ಇಟ್ಟುಕೊಳ್ಳುತ್ತದೆ. ಅದೇ ಗರಿಷ್ಠವೂ ಹೌದು. ವಾಟ್ಸ್‌ಆ್ಯಪ್ ಕೂಡ ಮುಟ್ಟದ ಮೆಸೇಜನ್ನು 30 ದಿನ ಇಟ್ಟು ಆಮೇಲೆ ಅಳಿಸುತ್ತದೆ. ಮನೆಯವರ ಮಾತಿಗೆ ಅದು ಸರಿ. ಸಂಜೆಗೆ ಹಳಸುವ ದರಕ್ಕೆ ತಿಂಗಳು ಯಾಕೆ?

"ಮೆಸೇಜ್ ಕಳೆದುಹೋಗಬಾರದು ಅಲ್ವಾ" ಅಂತ ಮ್ಯಾನೇಜರ್ ಜಾಸ್ತಿ ಹೊತ್ತು ವಾದ ಮಾಡಿದರು. ದರದ ಮೆಸೇಜ್ ತಡವಾಗಿ ಬರೋದಕ್ಕಿಂತ ಬಾರದೇ ಇರೋದೇ ವಾಸಿ ಅಂತ ನಾನು ಪಟ್ಟು ಹಿಡಿದೆ. ಕೊನೆಗೆ ಹೀಗೆ ಹಾಕಿದೆವು:

```
"android": {
  "ttl": "21600s",
  "collapse_key": "maize_rate"
}
```

ಅಂದರೆ 6 ಗಂಟೆ. ಅಷ್ಟರಲ್ಲಿ ಫೋನ್ ಸಿಗದಿದ್ದರೆ ಸರ್ವರ್ ಅದನ್ನು ಬಿಸಾಕುತ್ತದೆ. `collapse_key` ಸಾಲಿನಿಂದ, ಮಧ್ಯಾಹ್ನದ ದರ ಬಂದರೆ ಕಾಯುತ್ತಿದ್ದ ಬೆಳಿಗ್ಗೆಯದು ಹೋಗಿ ಹೊಸದೊಂದೇ ಉಳಿಯುತ್ತದೆ. ದರದ ಜೊತೆ ತಾರೀಖನ್ನೂ ಬರೆಯತೊಡಗಿದೆವು. ಫೋನ್ ತೋರಿಸುತ್ತಿದ್ದದ್ದು ಬಂದ ಹೊತ್ತನ್ನೇ ಹೊರತು ಕಳಿಸಿದ ಹೊತ್ತನ್ನಲ್ಲ.

ತೂಕದ ಚೀಟಿ, ಪಾವತಿ ಮೆಸೇಜ್‌ಗಳಿಗೆ 4 ವಾರವನ್ನೇ ಬಿಟ್ಟಿದ್ದೇವೆ. ಅಲ್ಲಿ ಇನ್ನೊಂದು ಮಿತಿ ಇದೆ: ಒಂದೊಂದೂ ಬೇರೆಯಾಗಿ ಮುಟ್ಟಬೇಕಾದ ಮೆಸೇಜ್ ಒಂದು ಫೋನಿಗೆ 100 ದಾಟಿ ಕಾದರೆ, ಫೈರ್‌ಬೇಸ್ ಕಾಯುತ್ತಿದ್ದದ್ದನ್ನೆಲ್ಲ ಅಳಿಸುತ್ತದೆ. ಆಮೇಲೆ ಫೋನ್ ಸಿಕ್ಕಾಗ ಆ್ಯಪ್‌ನಲ್ಲಿ `onDeletedMessages` ಅನ್ನೋ ಫಂಕ್ಷನ್ ಓಡುತ್ತದೆ. ಅದು ಓಡಿದಾಗ ಬಾಕಿ ಚೀಟಿಗಳನ್ನು ಆ್ಯಪ್ ನೇರವಾಗಿ ನಮ್ಮ ಸರ್ವರ್‌ನಿಂದ ತರಿಸಿಕೊಳ್ಳುವಂತೆ ಬರೆದಿದ್ದೇವೆ.