ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು ಅನ್ನೋದು ಯಾಕೆ?

ನಾನು ಬೆಂಗಳೂರಿನ ಆಫೀಸಿನಲ್ಲಿ ಕೂತು ಯುರೋಪಿನ ಒಂದು ಟ್ರೇಡಿಂಗ್ ಕಂಪನಿಯ ವಿತ್‌ಡ್ರಾ ಕೋರಿಕೆಗಳನ್ನು ನೋಡುತ್ತೇನೆ. ಗ್ರಾಹಕರಲ್ಲಿ ಹೆಚ್ಚಿನವರು ಜರ್ಮನಿ, ಸ್ಪೇನ್, ಇಟಲಿಯವರು. ಸುಲಭದ ಕೋರಿಕೆಗಳು ತಾವಾಗಿಯೇ ಪಾಸ್ ಆಗುತ್ತವೆ. ಸಿಸ್ಟಮ್ ತಡೆದು ನಿಲ್ಲಿಸಿದವು ಮಾತ್ರ ನಮ್ಮ ಟೇಬಲ್ಲಿಗೆ ಬರುತ್ತವೆ. ಅವುಗಳಲ್ಲಿ ದಿನಾ ಕಾಣುವ ಒಂದು ಬಗೆ ಇದೆ. ಹಣ ಹಾಕಿದ್ದು ಒಂದು ಕಡೆಯಿಂದ, ವಾಪಸ್ ಕೇಳುತ್ತಿರುವುದು ಹೊಸ ಬ್ಯಾಂಕ್ ಖಾತೆಗೆ ಅಥವಾ ಹೊಸ ಕ್ರಿಪ್ಟೋ ವಾಲೆಟ್‌ಗೆ. ನಾವು ಆಗಲ್ಲ ಅಂತೀವಿ. ಗ್ರಾಹಕರಿಗೆ ಸಿಟ್ಟು ಬರುತ್ತದೆ. "ಪಾಸ್‌ಪೋರ್ಟ್ ಕೊಟ್ಟಿದ್ದೇನೆ, ಕೆವೈಸಿ ಆಗಿದೆ, ದುಡ್ಡು ನನ್ನದು, ಎಲ್ಲಿಗೆ ಬೇಕೋ ಅಲ್ಲಿಗೆ ಕಳಿಸೋದಕ್ಕೆ ನಿಮಗೇನು ತೊಂದರೆ?" ಅಂತ ಕೇಳುತ್ತಾರೆ.

ಕೇಳುವುದು ನ್ಯಾಯವೇ. ಅದಕ್ಕೆ ಸರಿಯಾದ ಉತ್ತರ ಕೊಡುವುದು ನಮ್ಮ ಕೆಲಸ. "ಕಂಪನಿ ಪಾಲಿಸಿ" ಅಂದು ಮುಗಿಸಿದರೆ ಅದು ಉತ್ತರ ಅಲ್ಲ.

ಮೊದಲು ಒಂದು ಲೆಕ್ಕ ನೋಡೋಣ. ಒಬ್ಬ ಗ್ರಾಹಕರು ಜನವರಿಯಲ್ಲಿ ಕಾರ್ಡ್‌ನಿಂದ 1,500 ಯೂರೋ ಹಾಕಿದರು ಅಂದುಕೊಳ್ಳಿ. ಫೆಬ್ರವರಿಯಲ್ಲಿ ಬ್ಯಾಂಕ್ ಖಾತೆಯಿಂದ 2,500 ಕಳಿಸಿದರು. ಟ್ರೇಡಿಂಗ್‌ನಲ್ಲಿ ಲಾಭ ಬಂದು ಈಗ ಬ್ಯಾಲೆನ್ಸ್ 5,100. ಅಷ್ಟನ್ನೂ ಹೊಸದಾಗಿ ಸೇರಿಸಿದ ಒಂದು ವಾಲೆಟ್‌ಗೆ ಕೇಳುತ್ತಿದ್ದಾರೆ. ನಾವು ಅದನ್ನು ಒಡೆಯುತ್ತೇವೆ. ಮೊದಲ 1,500 ಅದೇ ಕಾರ್ಡ್‌ಗೆ ರೀಫಂಡ್. ಮುಂದಿನ 2,500 ಅದೇ ಬ್ಯಾಂಕ್ ಖಾತೆಗೆ. ಉಳಿದ 1,100 ಲಾಭ. ಅದನ್ನು ಕಾರ್ಡ್‌ಗೆ ರೀಫಂಡ್ ಮಾಡಲು ಬರುವುದಿಲ್ಲ. ಯಾಕೆಂದರೆ ರೀಫಂಡ್ ಅನ್ನೋದು ಹಳೆಯ ಪಾವತಿಯನ್ನು ಹಿಂದಿರುಗಿಸುವುದು, ಹಾಕಿದ್ದಕ್ಕಿಂತ ಜಾಸ್ತಿ ಹಿಂದಿರುಗಿಸಲು ಆಗಲ್ಲ. ಹಾಗಾಗಿ ಲಾಭವೂ ಬ್ಯಾಂಕ್ ಖಾತೆಗೇ ಹೋಗುತ್ತದೆ.

ಅವರು ಬರೀ 1,800 ಕೇಳಿದ್ದರೆ? 1,500 ಕಾರ್ಡ್‌ಗೆ, 300 ಬ್ಯಾಂಕಿಗೆ. ನಷ್ಟವಾಗಿ 900 ಮಾತ್ರ ಉಳಿದಿದ್ದರೆ? ಪೂರ್ತಿ ಕಾರ್ಡ್‌ಗೆ. ಕಾರ್ಡ್ ಮೊದಲು, ಬ್ಯಾಂಕ್ ಆಮೇಲೆ. ನಮ್ಮಲ್ಲಿ ಸರದಿ ಹೀಗೆ. ಬೇರೆ ಕಡೆ ಸ್ವಲ್ಪ ಬದಲಾಗಬಹುದು, ಆದರೆ ಕಾರ್ಡ್ ಮುಂದೆ ಇರುವುದಕ್ಕೆ ಗಟ್ಟಿ ಕಾರಣ ಇದೆ. ಕಾರ್ಡ್ ಪಾವತಿಯನ್ನು ಆಮೇಲೂ ಪ್ರಶ್ನಿಸಬಹುದು. ವೀಸಾ, ಮಾಸ್ಟರ್‌ಕಾರ್ಡ್‌ನಲ್ಲಿ ಹೆಚ್ಚಿನ ತಕರಾರುಗಳಿಗೆ ಸಾಮಾನ್ಯವಾಗಿ 120 ದಿನ ಅವಕಾಶ ಇರುತ್ತದೆ. ಕದ್ದ ಕಾರ್ಡ್‌ನಿಂದ 1,500 ಹಾಕಿ, ಎರಡು ದಿನ ಬಿಟ್ಟು ವಾಲೆಟ್‌ಗೆ ತೆಗೆದುಕೊಂಡು ಹೋದರು ಅಂದುಕೊಳ್ಳಿ. ಕಾರ್ಡ್‌ನ ನಿಜವಾದ ಮಾಲೀಕರು ಮುಂದಿನ ತಿಂಗಳ ಸ್ಟೇಟ್‌ಮೆಂಟ್ ನೋಡಿ ಚಾರ್ಜ್‌ಬ್ಯಾಕ್ ಹಾಕುತ್ತಾರೆ, ಅಂದರೆ ತಮ್ಮ ಬ್ಯಾಂಕಿನ ಮೂಲಕ ಹಣ ವಾಪಸ್ ಕೇಳುತ್ತಾರೆ. ಕಂಪನಿಯ ಕೈಯಿಂದ ಒಂದೇ ಹಣ ಎರಡು ಸಲ ಹೋಗುತ್ತದೆ. ಕಾರ್ಡ್‌ಗೇ ರೀಫಂಡ್ ಮಾಡಿದ್ದರೆ ಹಣ ಮಾಲೀಕರಿಗೇ ಸೇರಿರುತ್ತಿತ್ತು, ಕಳ್ಳರಿಗೆ ಏನೂ ಸಿಗುತ್ತಿರಲಿಲ್ಲ.

ಇದು ಮೋಸ ತಡೆಯುವ ಮಾತಾಯಿತು. ಕಪ್ಪು ಹಣದ ತಪಾಸಣೆಯ ಮಾತು ಬೇರೆ, ಜನರಿಗೆ ಅರ್ಥವಾಗದೆ ಉಳಿಯುವುದು ಅದೇ.

ಅಕ್ರಮ ಹಣ ಇಟ್ಟುಕೊಂಡವರಿಗೆ ಬೇಕಾಗಿರುವುದು ಲಾಭ ಅಲ್ಲ, ಹೊಸ ಗುರುತು. ಅವರ ಖಾತೆಗೆ ಎಲ್ಲಿಂದಲೋ ಹಣ ಬಂದಿದೆ, ಅದರ ಮೂಲ ಹೇಳಲು ಆಗುವುದಿಲ್ಲ. ಅದನ್ನು ಟ್ರೇಡಿಂಗ್ ಖಾತೆಗೆ ಹಾಕುತ್ತಾರೆ. ಒಂದೆರಡು ಸಣ್ಣ ಟ್ರೇಡ್ ಮಾಡುತ್ತಾರೆ, ಕೆಲವರು ಅದನ್ನೂ ಮಾಡುವುದಿಲ್ಲ. ಆಮೇಲೆ ಬೇರೆ ದೇಶದ ಬೇರೆ ಖಾತೆಗೆ ತೆಗೆಯುತ್ತಾರೆ. ಆ ಎರಡನೇ ಬ್ಯಾಂಕಿಗೆ ಕಾಣುವುದು ಏನು? ಲೈಸೆನ್ಸ್ ಇರುವ ಟ್ರೇಡಿಂಗ್ ಕಂಪನಿಯಿಂದ ಬಂದ ಹಣ. ಅದರ ಹಿಂದಿನ ದಾರಿ ಅವರಿಗೆ ಕಾಣುವುದೇ ಇಲ್ಲ. ಜಾಡು ತುಂಡಾದ ಜಾಗ ನಾವೇ ಆಗಿರುತ್ತೇವೆ. ತನಿಖೆಯವರು ಇದಕ್ಕೆ ಲೇಯರಿಂಗ್ ಅನ್ನುತ್ತಾರೆ. ಹಣ ಬಂದ ಖಾತೆಗೇ ಹಿಂದಿರುಗಿಸಿದರೆ ಇದು ಯಾವುದೂ ನಡೆಯುವುದಿಲ್ಲ. ಹಣ ಎಲ್ಲಿತ್ತೋ ಅಲ್ಲಿಗೇ ಹೋಗಿ ಕೂರುತ್ತದೆ, ಅದರ ಮೂಲದ ಪ್ರಶ್ನೆಯೂ ಅಲ್ಲೇ ಉಳಿಯುತ್ತದೆ.

"ಕೆವೈಸಿ ಆಗಿದೆಯಲ್ಲ" ಅನ್ನುವ ಮಾತು ಇಲ್ಲಿ ಸಾಲದು ಅನ್ನುವುದು ಇದಕ್ಕೇ. ಕೆವೈಸಿ ಹೇಳುವುದು ಮನುಷ್ಯ ಯಾರು ಅಂತ. ಹಣದ ದಾರಿ ಯಾವುದು ಅಂತ ಅದು ಹೇಳುವುದಿಲ್ಲ. ತನ್ನದೇ ಹೆಸರಿನ ಎರಡು ಖಾತೆಗಳ ನಡುವೆಯೂ ಜಾಡು ಕತ್ತರಿಸಬಹುದು. ಹಾಗಾಗಿ ಹೊಸ ಖಾತೆ ಸ್ವಂತ ಹೆಸರಲ್ಲಿದ್ದರೂ ನಾವು ತಕ್ಷಣ ಒಪ್ಪುವುದಿಲ್ಲ. ಹೆಂಡತಿಯ, ಅಣ್ಣನ, ಗೆಳೆಯರ ಖಾತೆ ಅಂದರೆ ಒಪ್ಪುವ ಮಾತೇ ಇಲ್ಲ.

ಈ ನಿಯಮ ಗ್ರಾಹಕರನ್ನೇ ಕಾಪಾಡುವ ಒಂದು ಸಂದರ್ಭ ಇದೆ. ನನಗೆ ಈ ಕೆಲಸದಲ್ಲಿ ತುಂಬಾ ಮುಖ್ಯ ಅನ್ನಿಸುವುದು ಅದೇ. ಒಂದು ಖಾತೆಯ ಲಾಗ್ ತೆರೆದರೆ ಸಾಲು ಸಾಲಾಗಿ ಹೀಗೆ ಕಾಣುತ್ತದೆ. ಹೊಸ ಫೋನಿನಿಂದ ಲಾಗಿನ್. ಪಾಸ್‌ವರ್ಡ್ ಬದಲು. ಮೊಬೈಲ್ ನಂಬರ್ ಬದಲು. ಹೊಸ ವಾಲೆಟ್ ವಿಳಾಸ ಸೇರ್ಪಡೆ. ಪೂರ್ತಿ ಬ್ಯಾಲೆನ್ಸ್‌ಗೆ ವಿತ್‌ಡ್ರಾ ಕೋರಿಕೆ. ಎಲ್ಲವೂ ಅರ್ಧ ಗಂಟೆಯೊಳಗೆ. ಇದು ಖಾತೆ ಬೇರೆಯವರ ಕೈಗೆ ಹೋಗಿರುವ ಲಕ್ಷಣ. ಹಣ ಹಳೆಯ ಕಾರ್ಡ್‌ಗೆ, ಹಳೆಯ ಖಾತೆಗೆ ಮಾತ್ರ ಹೋಗುತ್ತದೆ ಅಂತಾದರೆ ಕಳ್ಳರು ಇಷ್ಟೆಲ್ಲ ಮಾಡಿಯೂ ಬರಿಗೈಯಲ್ಲಿ ಹೋಗಬೇಕು.

ಇನ್ನೊಂದು ಲಕ್ಷಣ ಇದಕ್ಕಿಂತ ನೋವು ಕೊಡುವಂಥದ್ದು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದ ಗ್ರಾಹಕರು, ಬೇರೆ ಬೇರೆ ಊರಿನವರು, ಅಕ್ಷರಕ್ಕೆ ಅಕ್ಷರ ಒಂದೇ ವಾಲೆಟ್ ವಿಳಾಸ ಕೊಟ್ಟಿರುತ್ತಾರೆ. ಲಾಗಿನ್ ಅವರದೇ, ಫೋನೂ ಅವರದೇ. ಹಿಂದೆ ಯಾರೋ ಒಬ್ಬರು "ಸಲಹೆಗಾರರು" ಕೂತು ಹೇಳಿಕೊಡುತ್ತಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ಅಂಥ ಗ್ರಾಹಕರಿಗೆ ಫೋನ್ ಮಾಡಿ ಮಾತಾಡಿದರೆ ಮೊದಲು ನಮ್ಮ ಮೇಲೇ ರೇಗುತ್ತಾರೆ. ಆದರೂ ಮಾತಾಡಲೇಬೇಕು. ವಾಲೆಟ್‌ಗೆ ಒಮ್ಮೆ ಹೋದ ಹಣವನ್ನು ವಾಪಸ್ ಕರೆಯುವ ದಾರಿ ಯಾವ ಬ್ಯಾಂಕಿಗೂ ಇಲ್ಲ.

ಹಾಗಾದರೆ ಹಳೆಯ ಕಾರ್ಡ್ ಅಥವಾ ಖಾತೆಯೇ ಇಲ್ಲದಿದ್ದರೆ? ಇದು ನಿಜವಾದ ಕಷ್ಟ, ಇದಕ್ಕೆ ದಾರಿ ಇರಲೇಬೇಕು. ಕಾರ್ಡ್ ಅವಧಿ ಮುಗಿದು ಹೊಸದು ಬಂದಿದ್ದರೆ ಚಿಂತೆ ಬೇಡ, ಹಳೆಯ ನಂಬರಿಗೆ ಕಳಿಸಿದ ರೀಫಂಡ್ ಸಾಮಾನ್ಯವಾಗಿ ಅದೇ ಬ್ಯಾಂಕಿನ ಖಾತೆಗೆ ಸೇರುತ್ತದೆ. ಕ್ರೆಡಿಟ್ ಕಾರ್ಡ್ ಆಗಿದ್ದರೆ ಹಣ ಸೇವಿಂಗ್ಸ್ ಖಾತೆಗೆ ಬರಲ್ಲ, ಕಾರ್ಡ್ ಬಾಕಿಯಲ್ಲಿ ಕಳೆಯುತ್ತದೆ. ಎಷ್ಟೋ ಜನ ತಪ್ಪು ಜಾಗದಲ್ಲಿ ಹುಡುಕಿ "ಬಂದಿಲ್ಲ" ಅಂತ ಬರೆಯುತ್ತಾರೆ. ಅಂಥವರಿಗೆ ನಾವು ಆ ರೀಫಂಡ್ ಅನ್ನು ಗುರುತಿಸುವ ಎಆರ್‌ಎನ್ ನಂಬರ್ ಕೊಡುತ್ತೇವೆ. ಅದನ್ನು ಕಾರ್ಡ್ ಕೊಟ್ಟ ಬ್ಯಾಂಕಿಗೆ ಹೇಳಿದರೆ ಹಣ ಎಲ್ಲಿ ನಿಂತಿದೆ ಅಂತ ಅವರು ಹುಡುಕಬಹುದು.

ಖಾತೆಯೇ ಮುಚ್ಚಿದ್ದರೆ ಬ್ಯಾಂಕಿನ ಪತ್ರ ಬೇಕು. ಅದರಲ್ಲಿ ಹೆಸರು, ಖಾತೆ ನಂಬರ್, ಮುಚ್ಚಿದ ದಿನಾಂಕ ಇರಬೇಕು. ಜೊತೆಗೆ ಹೊಸ ಖಾತೆಯ ಇತ್ತೀಚಿನ ಸ್ಟೇಟ್‌ಮೆಂಟ್. ಮೊಬೈಲ್ ಆ್ಯಪಿನ ಸ್ಕ್ರೀನ್‌ಶಾಟ್ ಹಾಕುವವರು ಜಾಸ್ತಿ, ಆದರೆ ಅದರಲ್ಲಿ ಎಷ್ಟೋ ಸಲ ಹೆಸರು ಇರುವುದೇ ಇಲ್ಲ. ಪಿಡಿಎಫ್ ಸ್ಟೇಟ್‌ಮೆಂಟ್ ಕಳಿಸಿದರೆ ಒಂದೇ ಸುತ್ತಿಗೆ ಕೆಲಸ ಮುಗಿಯುತ್ತದೆ.

ಕ್ರಿಪ್ಟೋದಲ್ಲಿ "ಬಂದ ದಾರಿ" ಅನ್ನುವುದನ್ನು ಅಕ್ಷರಶಃ ತೆಗೆದುಕೊಂಡರೆ ಅಪಾಯ. ಗ್ರಾಹಕರು ಒಂದು ಎಕ್ಸ್‌ಚೇಂಜ್‌ನಿಂದ ನಾಣ್ಯ ಕಳಿಸಿದ್ದರೆ, ನಮಗೆ ಕಾಣುವ ವಿಳಾಸ ಆ ಎಕ್ಸ್‌ಚೇಂಜ್‌ನ ಸಾಮೂಹಿಕ ವಾಲೆಟ್‌ದು. ಅಲ್ಲಿಗೇ ವಾಪಸ್ ಕಳಿಸಿದರೆ ಹಣ ಅವರ ಖಾತೆಗೆ ಜಮಾ ಆಗದೆ ಕಳೆದುಹೋಗಬಹುದು. ಹಾಗಾಗಿ ಅದೇ ನಾಣ್ಯ, ಅದೇ ನೆಟ್‌ವರ್ಕ್, ಗ್ರಾಹಕರದೇ ಅಂತ ಸಾಬೀತಾದ ವಿಳಾಸ, ಈ ಮೂರನ್ನೂ ನೋಡುತ್ತೇವೆ. ಸಾಬೀತು ಮಾಡಲು, ಮಾಲೀಕರ ಬಳಿ ಮಾತ್ರ ಇರುವ ವಾಲೆಟ್‌ನ ರಹಸ್ಯ ಕೀಲಿಯಿಂದ ಒಂದು ಸಂದೇಶಕ್ಕೆ ಸಹಿ ಹಾಕಬೇಕು, ಇಲ್ಲವೇ ನಾವು ಹೇಳಿದ ಚಿಲ್ಲರೆ ಮೊತ್ತವನ್ನು ಆ ವಾಲೆಟ್‌ನಿಂದ ಕಳಿಸಿ ತೋರಿಸಬೇಕು. ವಿಳಾಸದ ಸ್ಕ್ರೀನ್‌ಶಾಟ್ ನಡೆಯಲ್ಲ, ಯಾವ ವಿಳಾಸವನ್ನು ಬೇಕಾದರೂ ಯಾರು ಬೇಕಾದರೂ ನೋಡಬಹುದು. ಯುರೋಪಿಯನ್ ಒಕ್ಕೂಟದಲ್ಲಿ 2024ರ ಡಿಸೆಂಬರ್ 30ರಿಂದ ಕ್ರಿಪ್ಟೋ ಸೇವೆ ಕೊಡುವ ಕಂಪನಿಗಳಿಗೆ ಇದು ಕಾನೂನೇ ಆಗಿದೆ. ಗ್ರಾಹಕರು ತಾವೇ ಇಟ್ಟುಕೊಂಡ ವಾಲೆಟ್‌ಗೆ 1,000 ಯೂರೋಗಿಂತ ಜಾಸ್ತಿ ಹೋಗುವಾಗ, ಅದು ಅವರದೇ ಅಂತ ಕಂಪನಿ ಪರಿಶೀಲಿಸಬೇಕು.

ಭಾರತದಲ್ಲೂ ಶೇರು ಮಾರಿದ ಹಣ ನೋಂದಾಯಿಸಿದ ಸ್ವಂತ ಖಾತೆಗೇ ಬರುವುದು ನಿಮಗೆ ಗೊತ್ತು. ಇಲ್ಲಿ ಹೊಸ ಖಾತೆ ಸೇರಿಸುವಾಗ ಒಂದು ರೂಪಾಯಿ ಹಾಕಿ ಬ್ಯಾಂಕಿನಲ್ಲಿರುವ ಹೆಸರು ತಾಳೆ ನೋಡುತ್ತಾರೆ. ನಮ್ಮ ಕಡೆಯವರಿಗೆ ಇಲ್ಲೇ ಪೇಚಾಟ. ಪಾಸ್‌ಬುಕ್‌ನಲ್ಲಿ ಇನಿಶಿಯಲ್, ಪ್ಯಾನ್‌ನಲ್ಲಿ ಅದೇ ಬಿಡಿಸಿದ ಊರಿನ ಹೆಸರು, ತಂದೆಯ ಹೆಸರು. ಯಂತ್ರಕ್ಕೆ ಅವರಿಬ್ಬರೂ ಬೇರೆ ಬೇರೆ ಜನ. ಹಣ ಬೇಕಾದ ದಿನ ಓಡಾಡುವ ಬದಲು ಮೊದಲೇ ಎರಡೂ ಕಡೆ ಹೆಸರು ಒಂದೇ ಮಾಡಿಸಿಕೊಳ್ಳುವುದು ಒಳ್ಳೆಯದು.

ನಾವು ಹೇಳಲಾಗದ ಒಂದು ವಿಷಯವೂ ಇದೆ. ವಹಿವಾಟು ಅನುಮಾನ ಹುಟ್ಟಿಸಿ ಸರ್ಕಾರಿ ಸಂಸ್ಥೆಗೆ ವರದಿ ಹೋಗಿದ್ದರೆ, ಅದನ್ನು ಗ್ರಾಹಕರಿಗೆ ತಿಳಿಸಲು ಕಾನೂನು ಬಿಡುವುದಿಲ್ಲ. ಆಗ "ಪರಿಶೀಲನೆಯಲ್ಲಿದೆ" ಅಷ್ಟೇ ಹೇಳಬೇಕು. ಆದರೆ ಮಾಮೂಲಿ ಕೇಸಿನಲ್ಲೂ ಇದೇ ಒಣ ವಾಕ್ಯ ಬರೆಯುವುದನ್ನು ನಾನು ಒಪ್ಪುವುದಿಲ್ಲ. ಯಾವ ಮೊತ್ತ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನ, ಯಾವ ಕಾಗದ ಬೇಕು ಅಂತ ನಾಲ್ಕು ಸಾಲು ಬರೆದರೆ ಸಿಟ್ಟಿನ ಎರಡನೇ ಮೇಲ್ ಬರುವುದಿಲ್ಲ. ಹೊಸದಾಗಿ ಸೇರಿದವರಿಗೆ ನಾನು ಮೊದಲು ಕಲಿಸುವುದು ಈ ನಾಲ್ಕು ಸಾಲನ್ನೇ.

ಊರಿನವರು, ನೆಂಟರು ಫೋನ್ ಮಾಡಿ ಕೇಳುವುದು ಬೇರೆಯದೇ ಪ್ರಶ್ನೆ. "ಆ್ಯಪಿನಲ್ಲಿ ಹನ್ನೆರಡು ಲಕ್ಷ ತೋರಿಸ್ತಿದೆ, ತೆಗೆಯೋಕೆ ಹೋದ್ರೆ ಮನಿ ಲಾಂಡರಿಂಗ್ ಚೆಕ್‌ಗೆ ಎಂಬತ್ತು ಸಾವಿರ ಕಟ್ಟಿ ಅಂತಾರೆ, ಕಟ್ಟೋದಾ?" ಕಟ್ಟಬೇಡಿ. ನಾನು ಮೇಲೆ ಹೇಳಿದ ಯಾವ ತಪಾಸಣೆಗೂ ಗ್ರಾಹಕರಿಂದ ಶುಲ್ಕ ಇಲ್ಲ. ಖಾತೆ ನಿಮ್ಮದೇ ಅಂತ ತೋರಿಸಲು ನಿಜವಾದ ಕಂಪನಿ ಸಣ್ಣ ಮೊತ್ತ ಹಾಕಿಸಬಹುದು, ಆದರೆ ಅದು ನಿಮ್ಮ ಬ್ಯಾಲೆನ್ಸ್‌ಗೇ ಸೇರುತ್ತದೆ. ಬ್ಯಾಲೆನ್ಸ್‌ನ ಇಂತಿಷ್ಟು ಭಾಗವನ್ನು ಹೊಸದಾಗಿ, ಅದೂ ಯಾರೋ ಒಬ್ಬರ ಹೆಸರಿನ ಖಾತೆಗೆ ಅಥವಾ ಯುಪಿಐ ಐಡಿಗೆ ಕಟ್ಟಿ ಅಂದರೆ ಅದು ನಕಲಿ ಆ್ಯಪ್. ಈಗಾಗಲೇ ಕಟ್ಟಿದ್ದರೆ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಿ ಸೈಬರ್ ದೂರು ಕೊಡಿ, ನಿಮ್ಮ ಬ್ಯಾಂಕಿಗೂ ಅದೇ ದಿನ ತಿಳಿಸಿ.