16 ಖಾಲಿ ಇದೆಯಲ್ಲ ಸರ್!

"16 ಖಾಲಿ ಇದೆಯಲ್ಲ ಸರ್, ಅಲ್ಲಿಂದ ಯಾಕೆ ಶುರು ಮಾಡಬಾರದು?" ಮಂಗಳವಾರ ನಮ್ಮ ಟೀಮಿನ ಹೊಸ ಹುಡುಗ ಕೇಳಿದ ಈ ಮಾತು ಇನ್ನೂ ತಲೆಯಿಂದ ಹೋಗಿಲ್ಲ.

ಆಫೀಸಿನ ವಿಭಾಗಗಳಿಗೆ ಐಪಿ ವಿಳಾಸ ಹಂಚಬೇಕಿತ್ತು. ಕೈಯಲ್ಲಿದ್ದದ್ದು 192.168.10.0/24 ಒಂದೇ, ಅಂದರೆ ಕೊನೆಯ ಅಂಕಿ 0ಯಿಂದ 255ರವರೆಗಿನ 256 ವಿಳಾಸ. ಗೇಟ್‌ವೇ ಸೇರಿಸಿ ಸಪೋರ್ಟ್‌ಗೆ 100 ವಿಳಾಸ ಬೇಕು, ಸೇಲ್ಸ್‌ಗೆ 50, ಅಕೌಂಟ್ಸ್‌ಗೆ 20, ಆಡಳಿತಕ್ಕೆ 10. ಎರಡು ರೂಟರ್‌ಗಳ ನಡುವಿನ ಲಿಂಕ್‌ಗೆ 2. ಮ್ಯಾನೇಜರ್ "ಎಲ್ಲರಿಗೂ ಸಮನಾಗಿ ಹಂಚಿಬಿಡಿ" ಎಂದರು. ಅವರು ಎಲ್ಲವನ್ನೂ ಹಾಗೇ ಹಂಚುತ್ತಾರೆ, ಕೆಲಸವೊಂದನ್ನು ಬಿಟ್ಟು! ನಾಲ್ಕೇ ಪಾಲು ಮಾಡಿದರೂ ಒಂದಕ್ಕೆ 64. ಅದರಲ್ಲಿ ಮೊದಲನೆಯದು ನೆಟ್‌ವರ್ಕ್‌ಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ ಹೋಗುತ್ತದೆ. ಉಳಿದ 62ರಲ್ಲಿ ಸಪೋರ್ಟ್‌ನ 100 ಎಲ್ಲಿ ಹಿಡಿಸಬೇಕು?

ಹುಡುಗ ಚಿಕ್ಕದರಿಂದ ಶುರು ಮಾಡಿದ. ಆಡಳಿತಕ್ಕೆ 0ಯಿಂದ 16ರ ಪಾಲು, ಅಂದರೆ 0/28 ಕೊಟ್ಟ. ಅದು 15ಕ್ಕೆ ಮುಗಿಯಿತು. ಅಕೌಂಟ್ಸ್‌ಗೆ 20 ಬೇಕು, ಅಂದರೆ 32ರ ಪಾಲು, /27. ಪಕ್ಕದಲ್ಲೇ ಇರಲಿ ಅಂತ 16ರಿಂದ ಕೊಟ್ಟು, ರೂಟರ್‌ನ ಎರಡನೇ ಪೋರ್ಟ್‌ಗೆ 192.168.10.17 ಹಾಕಿದ. ರೂಟರ್ ಒಪ್ಪಲಿಲ್ಲ:

```
% 192.168.10.0 overlaps with GigabitEthernet0/0
```

ನಾವು ಮನಸ್ಸಿನಲ್ಲಿಟ್ಟುಕೊಂಡದ್ದು 16, ರೂಟರ್ ಹೇಳುತ್ತಿರುವುದು 0. ಗುಟ್ಟು ಇಲ್ಲೇ ಇದೆ. /27ರಲ್ಲಿ ಕೊನೆಯ 5 ಬಿಟ್‌ಗಳು ಹೋಸ್ಟ್‌ಗೆ ಸೇರಿದವು. 16ರ ಬಿಟ್ ಅವುಗಳಲ್ಲೇ ಒಂದು. ಮಾಸ್ಕ್ ಅದನ್ನು ಅಳಿಸಿದ ಮೇಲೆ ಉಳಿಯುವುದು 0. ಹಾಗಾಗಿ 32ರ ಪಾಲು 0, 32, 64, ಹೀಗೆ 32ರ ಮಗ್ಗಿಯಲ್ಲೇ ಶುರುವಾಗಬೇಕು.

ಇದನ್ನು ಸಮಾಧಾನವಾಗಿ ಹೇಳಬಹುದಿತ್ತು. ನಾನು "ದೊಡ್ಡದರಿಂದ ಶುರು ಮಾಡ್ಬೇಕು, ಇಲ್ದಿದ್ರೆ ಹಿಡಿಸಲ್ಲ" ಎಂದು ರೇಗಿ, ಕೀಬೋರ್ಡ್ ಕಿತ್ತುಕೊಂಡೆ. ಸಪೋರ್ಟ್‌ಗೆ 0/25, ಅದು 127ರವರೆಗೆ. ಸೇಲ್ಸ್‌ಗೆ 128/26, ಅಕೌಂಟ್ಸ್‌ಗೆ 192/27, ಆಡಳಿತಕ್ಕೆ 224/28, ಲಿಂಕ್‌ಗೆ 240/30. ಹೀಗೆ ಇಳಿಯುತ್ತಾ ಬಂದರೆ ಒಂದು ಮುಗಿದ ಕಡೆಯಲ್ಲೇ ಮುಂದಿನದರ ಗಡಿ ತಾನಾಗಿ ಸಿಗುತ್ತದೆ. ಲೆಕ್ಕ ನೋಡುವ ಗೋಜೇ ಇಲ್ಲ. ಕೊನೆಗೆ 244ರಿಂದ 255ರವರೆಗೆ 12 ಉಳಿದವು.

ರಾತ್ರಿ ನಿದ್ದೆ ಬರಲಿಲ್ಲ. ನಿಜವಾಗಲೂ ಹಿಡಿಸಲ್ವಾ? ಸುಮ್ನೆ ಅವನ ದಾರಿಯಲ್ಲೇ ಬರೆದು ನೋಡಿದೆ. ಆಡಳಿತ 0/28. 16 ಬಿಟ್ಟು ಅಕೌಂಟ್ಸ್ 32/27, ಸೇಲ್ಸ್ 64/26, ಸಪೋರ್ಟ್ 128/25. ಬಿಟ್ಟ ಸಂದಿನಲ್ಲಿ ಲಿಂಕ್ 16/30. ಎಲ್ಲವೂ ಹಿಡಿಸಿತು. ಉಳಿದದ್ದೂ ಅದೇ 12! ಇಷ್ಟು ವರ್ಷ ಅನುಕೂಲಕ್ಕೆ ಇದ್ದದ್ದನ್ನು ಕಾನೂನು ಅಂತ ಎಷ್ಟು ಹುಡುಗರಿಗೆ ಬೈದು ಕಲಿಸಿದ್ದೇನೋ.

ಬೆಳಗ್ಗೆ ಹಾಳೆ ತೋರಿಸಿದೆ. ಅವನು ಅದನ್ನೇ ನೋಡುತ್ತಾ ಮೆಲ್ಲಗೆ ಅಂದ, "ಹಾಗಾದ್ರೆ 16 ಖಾಲಿನೇ ಇತ್ತು ಅಲ್ವಾ ಸರ್?"

"ಇತ್ತಪ್ಪಾ. /27ಗೆ ಅಲ್ಲ, ಅಷ್ಟೇ."